ಬೇಲಿ ಉದ್ದ ಅಷ್ಟೇ, ಒಳಗಿನ ಜಾಗ ಮಾತ್ರ ಬೇರೆ

ಸೋಮವಾರಪೇಟೆ ಕಡೆ ಐದನೇ ಕ್ಲಾಸಿಗೆ ಗಣಿತ ಹೇಳ್ಕೊಡೋಳು ನಾನು. ನಮ್ಮ ಮಕ್ಕಳಿಗೆ ಬೇಲಿ ಅಂದ್ರೇನು ಅಂತ ವಿವರಿಸೋ ಅಗತ್ಯಾನೇ ಇಲ್ಲ, ಎಷ್ಟೋ ಜನರ ಮನೆ ಕಾಫಿ ತೋಟದೊಳಗೇ ಇರೋದು, ಆನೆಗೆ ಸೋಲಾರ್ ಬೇಲಿ, ದನಕ್ಕೆ ಮುಳ್ಳುತಂತಿ, ಎಲ್ಲ ನೋಡ್ಕೊಂಡೇ ಬೆಳೆದಿರ್ತಾರೆ. ಆದ್ರೂ "ಎರಡು ಜಾಗಕ್ಕೂ ಒಂದೇ ಉದ್ದದ ತಂತಿ ಹಿಡೀತು, ಹಾಗಾದ್ರೆ ಎರಡು ಜಾಗಾನೂ ಸಮಾನಾ?" ಅಂತ ಕೇಳಿದ್ರೆ ಇಡೀ ಕ್ಲಾಸು "ಹೌದು ಮಿಸ್" ಅನ್ನುತ್ತೆ. ದೊಡ್ಡೋರನ್ನ ಕೇಳಿ ನೋಡಿ, ಸುಮಾರು ಜನ ಹಾಗೇ ಅಂತಾರೆ.

ಇದನ್ನ ಬೋರ್ಡ್ ಮೇಲೆ ಸೂತ್ರ ಬರೆದು ಹೇಳಿದ್ರೆ ತಲೆಗೆ ಹೋಗಲ್ಲ. ಮಳೆಗಾಲದಲ್ಲಿ ಹೊರಗೆ ಹೋಗೋಕೂ ಆಗಲ್ಲ ನಮ್ಮಲ್ಲಿ, ಹಾಗಾಗಿ ಬೆಂಚೆಲ್ಲ ಗೋಡೆಗೆ ಸರಿಸಿ ನೆಲದ ಟೈಲ್ಸ್ ಮೇಲೇ ಮಾಡೋದು. ಒಂದು ಟೈಲು ಒಂದಡಿ ಚೌಕ. 24 ಅಡಿ ಹಗ್ಗ ತಗೊಂಡು ಎರಡು ತುದಿ ಗಂಟು ಹಾಕಿದ್ರೆ ಅದೇ ಬೇಲಿ (ಗಂಟಿಗೆ ಅಂತ ಸ್ವಲ್ಪ ಜಾಸ್ತಿ ಬಿಟ್ಕೊಳ್ಳಿ, ಇಲ್ಲಾಂದ್ರೆ ಲೆಕ್ಕ ಕೂಡೋದೇ ಇಲ್ಲ), ನಾಲ್ಕು ಮಕ್ಕಳು ನಾಲ್ಕು ಮೂಲೆ ಹಿಡಿದು ಟೈಲ್ಸ್ ಗೆರೆ ಮೇಲೆ ಕೂರಬೇಕು, ಮಿಕ್ಕವರು ಒಳಗಿನ ಟೈಲು ಎಣಿಸ್ಬೇಕು.

ಮೊದಲು ಉದ್ದ 11, ಅಗಲ 1. ಒಳಗೆ ಬರೀ 11 ಟೈಲು. ಆಮೇಲೆ 10 ಮತ್ತು 2 ಮಾಡಿದ್ರೆ 20. ಹೀಗೇ ಉದ್ದ ಒಂದೊಂದಡಿ ಇಳಿಸಿ ಅಗಲ ಒಂದೊಂದಡಿ ಏರಿಸ್ತಾ ಹೋದ್ರೆ 27, 32, 35, ಕೊನೆಗೆ ಆರಕ್ಕೆ ಆರು ಚೌಕ ಆದಾಗ 36. ಹಗ್ಗ ಅದೇ ಹಗ್ಗ, ಯಾರೂ ಕತ್ತರಿಸಿಲ್ಲ, ಜೋಡಿಸಿಲ್ಲ.

ಇಲ್ಲಿ ಒಂದು ಕಡೆ ಮಕ್ಕಳು ಎಡವ್ತಾರೆ. ಸುತ್ತಳತೆ ಎಷ್ಟು ಅಂದ್ರೆ ಹಗ್ಗಕ್ಕೆ ತಾಗಿಕೊಂಡಿರೋ ಟೈಲುಗಳನ್ನ ಎಣಿಸಿ 20 ಅಂತಾರೆ. ಚೌಕದ ಮೂಲೇಲಿರೋ ಟೈಲಿಗೆ ಎರಡು ಪಕ್ಕದಲ್ಲೂ ಹಗ್ಗ ಇರುತ್ತಲ್ಲ, ಅದನ್ನ ಒಂದೇ ಅಂತ ಎಣಿಸಿರ್ತಾರೆ, ನಾಲ್ಕು ಮೂಲೇಲಿ ನಾಲ್ಕು ಕಮ್ಮಿ ಬೀಳುತ್ತೆ. ಯಾರಾದ್ರೂ 20 ಅಂದ್ರೆ ಸಾಕು, ಎಲ್ಲಿ ತಪ್ಪಿದ್ರು ಅಂತ ಗೊತ್ತಾಗುತ್ತೆ. ಟೈಲು ಬಿಟ್ಟು ಹಗ್ಗದ ಮೇಲೇ ಬೆರಳಿಟ್ಟು ಅಡಿ ಅಡಿ ಎಣಿಸೋಕೆ ಹೇಳ್ತೀನಿ.

ಈಗ ಅಸಲಿ ವಿಷಯ, ಜಾಗ ಹೆಚ್ಚಾಗೋದು ಯಾಕೆ? 8 ಉದ್ದ 4 ಅಗಲದ ಬೇಲಿ ತಗೊಳ್ಳಿ, 32 ಟೈಲು. ಇದನ್ನ 7 ಮತ್ತು 5 ಮಾಡ್ಬೇಕಂದ್ರೆ ಮೊದಲು ತುದಿಯಿಂದ ಒಂದು ಸಾಲು ಬಿಡ್ಬೇಕು, ಆ ಸಾಲಲ್ಲಿ ಇರೋದು 4 ಟೈಲು. ಬದಲಿಗೆ ಉದ್ದನೆ ಪಕ್ಕದಲ್ಲಿ ಹೊಸ ಸಾಲು ಸಿಗುತ್ತೆ, ಅದ್ರಲ್ಲಿ 7. ಕೊಟ್ಟಿದ್ದು ನಾಲ್ಕು, ಬಂದಿದ್ದು ಏಳು, ಮೂರು ಲಾಭ. ಮುಂದಿನ ಹೆಜ್ಜೇಲಿ 5 ಕೊಟ್ಟು 6 ತಗೋತೀವಿ, ಲಾಭ ಒಂದೇ. ಚೌಕ ಆದ್ಮೇಲೂ ಮುಂದೆ ಹೋದ್ರೆ 6 ಕೊಟ್ಟು 5 ತಗೋಬೇಕು, ನಷ್ಟ. ಗಿಡ್ಡ ಸಾಲು ಕೊಟ್ಟು ಉದ್ದ ಸಾಲು ತಗೊಳ್ಳೋ ವ್ಯಾಪಾರ ಎಲ್ಲಿವರೆಗೆ ನಡೆಯುತ್ತೋ ಅಲ್ಲಿವರೆಗೆ ಜಾಗ ಬೆಳೆಯುತ್ತೆ. ಗುಣಾಕಾರದ ಪಟ್ಟಿಗಿಂತ ಇದು ಮಕ್ಕಳಿಗೆ ಬೇಗ ಹಿಡಿಸುತ್ತೆ, ಯಾಕಂದ್ರೆ ಯಾವ ಟೈಲು ಹೋಯ್ತು ಯಾವುದು ಬಂತು ಅಂತ ಕಣ್ಣೆದುರೇ ಇರುತ್ತೆ.

ಇನ್ನೊಂದು ನನಗಿಷ್ಟದ್ದು. ಆರಕ್ಕಾರು ಚೌಕದ ಒಂದು ಮೂಲೇನ ಎರಡಡಿ ಚೌಕದಷ್ಟು ಒಳಗೆ ತಳ್ಳಿ, ಅಕ್ಕಿ ರೊಟ್ಟಿ ಕಚ್ಚಿದ ಹಾಗೆ. ಹಗ್ಗ ಸಡಿಲ ಆಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ, ಆಗಲ್ಲ! ಹೊರಗಿದ್ದ ಎರಡು ತುಂಡು ಒಳಗೆ ಬಂದು ಕೂತ್ವು ಅಷ್ಟೇ, ಸುತ್ತಳತೆ ಈಗಲೂ 24. ಜಾಗ ಮಾತ್ರ 36ರಿಂದ 32ಕ್ಕೆ ಇಳೀತು. ತೋಟದ ಬೇಲಿ ಮೂಲೇಲಿ ಹೀಗೆ ಒಳಗೆ ಬಂದಷ್ಟೂ ತಂತಿ ಖರ್ಚು ಹಾಗೇ ಇರುತ್ತೆ, ಗಿಡ ಹಾಕೋ ಜಾಗ ಹೋಗುತ್ತೆ.

ಹಾಗಾದ್ರೆ ಚೌಕಾನೇ ಎಲ್ಲಕ್ಕಿಂತ ದೊಡ್ಡದಾ? ಆಯತಗಳ ಪೈಕಿ ಹೌದು. ಅದೇ ಹಗ್ಗಾನ ದುಂಡಗೆ ಹಿಡಿದ್ರೆ ಹೆಚ್ಚುಕಮ್ಮಿ 46 ಚದರಡಿ ಸಿಗುತ್ತೆ, ಆದ್ರೆ ಅಲ್ಲಿ ಟೈಲು ಅರ್ಧಂಬರ್ಧ ಬರೋದ್ರಿಂದ ಐದನೇ ಕ್ಲಾಸಲ್ಲಿ ನಾನು ಜಾಸ್ತಿ ಎಳೆಯೋಕೆ ಹೋಗಲ್ಲ.

ಕೊನೆಗೆ ಕಾಫಿ ಸಸಿ ನರ್ಸರಿ ಲೆಕ್ಕ ಕೊಡ್ತೀನಿ, ಗ್ರಾಫ್ ಹಾಳೆ ಮೇಲೆ. ಒಂದು ಕಡೆ ಮನೆ ಗೋಡೆ ಇದೆ, ಆ ಕಡೆ ಬೇಲಿ ಬೇಡ, ಇರೋದು 24 ಅಡಿ ತಂತಿ. ಮಕ್ಕಳು ತಕ್ಷಣ ಚೌಕ ಅಂತ ಎಂಟಕ್ಕೆ ಎಂಟು ಹಾಕಿ 64 ಅಂತಾರೆ. ಗೋಡೆ ಉದ್ದಕ್ಕೂ 12, ಅಗಲ 6 ಹಾಕಿದವರಿಗೆ 72 ಬರುತ್ತೆ. ಚೌಕ ಸೋತಿದ್ದು ಯಾಕೆ ಅಂದ್ರೆ ಇಲ್ಲಿ ವ್ಯಾಪಾರದ ರೇಟೇ ಬೇರೆ, ಅಗಲ ಒಂದಡಿ ಕಮ್ಮಿ ಮಾಡಿದ್ರೆ ಎರಡೂ ಪಕ್ಕದಿಂದ ಒಂದೊಂದಡಿ ತಂತಿ ಉಳಿದು ಉದ್ದಕ್ಕೆ ಎರಡಡಿ ಸಿಗುತ್ತೆ. ಇದನ್ನ ಬೇಗ ಮುಗಿಸಿದವರಿಗೆ ಎರಡು ಗೋಡೆ ಕೂಡೋ ಮೂಲೆ ಕೊಡ್ತೀನಿ, ಅಲ್ಲಿ ಮತ್ತೆ ಚೌಕಾನೇ ಗೆಲ್ಲುತ್ತೆ, 12ಕ್ಕೆ 12, ಒಟ್ಟು 144.