ಆಗಸ್ಟ್ ಮೊದಲೋ ಸೆಪ್ಟೆಂಬರ್ ಮೊದಲೋ

ಪೂರ್ವಸಿದ್ಧತಾ ಪರೀಕ್ಷೆಯ ಬಂಡಲ್ ಮುಗಿಸಿ ಟ್ಯಾಲಿ ಮಾಡುತ್ತಿದ್ದೆ. ಐದು ಗಂಟೆಗೆ ಅಂಕ ಏರಿಸುವ ಪುಟ ಮುಚ್ಚಿಕೊಳ್ಳುತ್ತದೆ, ಆಗಲೇ ನಾಲ್ಕು ಕಾಲು. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಆ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಡುವುದು ನಿಯಮ. ಆಗ ಗೌರಿಬಿದನೂರು ಕಡೆಯ ಒಬ್ಬ ಹುಡುಗಿ ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಳು.

"ಸಾರ್, ಕಾಲಾನುಕ್ರಮದ ಪ್ರಶ್ನೆಗೆ ಎರಡು ಮಾರ್ಕ್ಸ್ ಕಡಿಮೆ ಬಂದಿದೆ."

ಪ್ರಶ್ನೆ ನಾನೇ ಹಾಕಿದ್ದು. ಶಿವಪುರ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥ ಗೋಲಿಬಾರ್, ಈಸೂರು ದಂಗೆ, ಮೈಸೂರು ಚಲೋ, ಮೈಸೂರು ಭಾರತ ಒಕ್ಕೂಟಕ್ಕೆ ಸೇರಿದ್ದು. ಇವನ್ನು ಕಲಸಿ ಕೊಟ್ಟಿದ್ದೆ, ಒಂದು ಸ್ಥಾನಕ್ಕೆ ಒಂದು ಅಂಕ. ಮೊದಲ ಜೋಡಿಯಲ್ಲಿ ಮಕ್ಕಳು ಬೀಳುತ್ತಾರೆ ಎಂದುಕೊಂಡಿದ್ದೆ, ಏಕೆಂದರೆ ಎರಡೂ 1938ರ ಏಪ್ರಿಲ್. ಬರಿಯ ಇಸವಿ ಬಾಯಿಪಾಠ ಮಾಡಿದವರಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿದ ಮೇಲೆ ಅದೇ ಹುರುಪು ಬೇರೆ ಊರುಗಳಿಗೂ ಹಬ್ಬಿತು. ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು 25ರಂದು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ತಿಳಿದವನಿಗೆ ತಾರೀಖು ಮರೆತರೂ ಕ್ರಮ ತಪ್ಪುವುದಿಲ್ಲ. ಇವಳಂತೂ ಅದನ್ನು ಸರಿಯಾಗೇ ಬರೆದಿದ್ದಳು, ಅವರ ಊರ ಪಕ್ಕದ ಕಥೆ. 1942ರ ಈಸೂರೂ ಅದರ ಜಾಗದಲ್ಲೇ ಇತ್ತು.

ನಾನು ಕೆಂಪು ಗೆರೆ ಎಳೆದದ್ದು ಕೊನೆಯ ಎರಡಕ್ಕೆ. ಒಕ್ಕೂಟಕ್ಕೆ ಸೇರಿದ್ದನ್ನು ಮೊದಲು, ಮೈಸೂರು ಚಲೋ ಆಮೇಲೆ ಬರೆದಿದ್ದಳು. ಅಂಕ ಹಾಕಲು ನಾನು ಬರೆದಿಟ್ಟ ಸರಿ ಉತ್ತರಗಳ ಸ್ಕೀಮ್‌ನಲ್ಲಿ ಅದು ತಿರುಗುಮುರುಗು.

"ಚಳವಳಿ ಆಗದೆ ಮಹಾರಾಜರು ಸುಮ್ಮನೆ ಸೇರ್ತಾರೇನಮ್ಮಾ? ಹೋಗು, ಟೈಮ್ ಇಲ್ಲ" ಅಂದೆ. ಈಗಲೂ ಚುಚ್ಚುವುದು ಈ ಮಾತೇ.

ಅವಳು ಹೋಗಲಿಲ್ಲ. "ಸ್ವಾತಂತ್ರ್ಯ ಬರೋಕ್ಕೆ ಮುಂಚೆನೇ ಸೇರ್ಪಡೆ ಪತ್ರಕ್ಕೆ ಸಹಿ ಆಯ್ತಲ್ವಾ ಸಾರ್? ಚಲೋ ಸೆಪ್ಟೆಂಬರ್‌ದು."

ಪಕ್ಕದ ಮೇಜಿನ ಅರ್ಥಶಾಸ್ತ್ರದ ಮೇಡಂ ಪೆನ್ನು ಕೆಳಗಿಟ್ಟರು. ನಾನು ಪುಸ್ತಕ ತೆಗೆದೆ. ಅವಳ ಬಾಯಿ ಮುಚ್ಚಿಸಲೆಂದೇ ತೆಗೆದದ್ದು, ಸುಳ್ಳು ಯಾಕೆ ಹೇಳಲಿ. ಹಾಳೆ ತಿರುವುತ್ತಾ ಹೋದಂತೆ ಕಿವಿ ಬಿಸಿಯಾಯಿತು. ಜಯಚಾಮರಾಜ ಒಡೆಯರ್ ಸಹಿ ಹಾಕಿದ್ದು 1947ರ ಆಗಸ್ಟ್ 9. ಮೈಸೂರು ಚಲೋ ಸೆಪ್ಟೆಂಬರ್.

ನಾನು ಎಡವಿದ್ದು ತಾರೀಖು ಗೊತ್ತಿಲ್ಲದೆ ಅಲ್ಲ. ಸ್ಕೀಮ್ ಬರೆಯುವಾಗ ಪಾಠಗಳ ಕ್ರಮವನ್ನೇ ಕಾಲದ ಕ್ರಮ ಎಂದುಕೊಂಡೆ. ಹೋರಾಟದ್ದೆಲ್ಲ ಒಂದು ಪಾಠ, ಸಂಸ್ಥಾನಗಳು ಸೇರಿದ್ದು ಅದರ ಮುಂದಿನ ಪಾಠ. ಪುಸ್ತಕ ವಿಷಯ ನೋಡಿ ಗಂಟು ಕಟ್ಟುತ್ತದೆ, ಆದ್ದರಿಂದ ಹಿಂದಿನ ಪಾಠದ ಕೊನೆ ಮುಂದಿನ ಪಾಠದ ಆರಂಭಕ್ಕಿಂತ ಈಚಿನದಾಗಿರಬಹುದು. ಅದರ ಮೇಲೆ "ಹೋರಾಟ ಮೊದಲು, ಫಲ ಆಮೇಲೆ" ಎಂಬ ನನ್ನ ತರ್ಕ ಬೇರೆ. ಆ ಹೋರಾಟ ಕೇಳಿದ್ದೇ ಬೇರೆ ಫಲ. ಆಗಸ್ಟ್‌ನ ಸಹಿಯಿಂದ ದೆಹಲಿಗೆ ಹೋದದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಮಾತ್ರ. ಒಳಗಿನ ಆಡಳಿತ ಮಹಾರಾಜರ, ದಿವಾನ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಉಳಿಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಇಲ್ಲಿ ಜನರ ಸರ್ಕಾರವಿಲ್ಲ ಎಂದೇ ಸೆಪ್ಟೆಂಬರ್‌ನಲ್ಲಿ ಜನ ಬೀದಿಗಿಳಿದದ್ದು. ಅಕ್ಟೋಬರ್‌ನಲ್ಲಿ ಅದು ಸಿಕ್ಕಿತು, ನಮ್ಮ ಕೋಲಾರದ ಕಡೆಯವರೇ ಆದ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಚಲೋ ಪಕ್ಕ ಅಕ್ಟೋಬರ್‌ನ ಸರ್ಕಾರವನ್ನು ಇಟ್ಟು ನೋಡಿದ್ದರೆ ಸಾಕಿತ್ತು, ಆಗಸ್ಟ್‌ನ ಸಹಿ ತಾನಾಗೇ ಹಿಂದಕ್ಕೆ ಸರಿಯುತ್ತಿತ್ತು.

"ಸರಿ ಕಣಮ್ಮಾ, ತಪ್ಪು ನಂದು" ಅಂದೆ. ಎರಡು ಅಂಕ ಸೇರಿಸಿದೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬಂಡಲ್ ಮತ್ತೆ ಬಿಚ್ಚಿದರೆ ಇವಳ ಹಾಗೆ ಸರಿ ಬರೆದವರು ಬೆರಳೆಣಿಕೆ. ಹೆಚ್ಚಿನವರು ನನ್ನ ಸ್ಕೀಮ್‌ನಂತೆಯೇ ತಪ್ಪು ಬರೆದು ಐದಕ್ಕೆ ಐದು ತೆಗೆದಿದ್ದರು. ಪ್ರಾಂಶುಪಾಲರಿಗೆ ಹೇಳಿದರೆ, "ಕೊಟ್ಟ ಅಂಕ ಕೊಟ್ಟಾಯ್ತು, ಮೊದಲು ಅಪ್‌ಲೋಡ್ ಮಾಡಿ" ಅಂದರು. ಅವರಿಗೆ ಶೇಕಡಾವಾರು ಮುಖ್ಯ. ಅಷ್ಟರಲ್ಲಿ ನೆಟ್ಟೂ ಹೋಗಿತ್ತು. ನಾನು ಪೆಚ್ಚು ಮುಖ ಮಾಡಿಕೊಂಡು ಎಲ್ಲರದ್ದೂ ತಿದ್ದಿದೆ, ಅಂಕ ಏರಿಸಿದ್ದು ಮರುದಿನ, ಅದಕ್ಕೊಂದು ವಿವರಣೆ ಪತ್ರ ಬೇರೆ.

ಎರಡು ಅಂಕ ಕಳೆದುಕೊಂಡವರಲ್ಲಿ ತರಗತಿಗೇ ಮೊದಲಿಗನಾದ ಹುಡುಗನೂ ಇದ್ದ. ಮರುದಿನ ನೋಟ್ಸ್ ತೆರೆದು ನನ್ನ ಮುಂದೆ ಹಿಡಿದ. ಬೋರ್ಡಿನ ಮೇಲೆ ನಾನು ಬರೆಸಿದ್ದ ಘಟನೆಗಳ ಪಟ್ಟಿ ಅದು. ಐದನೆಯದು ಸೇರ್ಪಡೆ, ನಾಲ್ಕನೆಯದು ಚಲೋ.

"ನೀವೇ ಬರೆಸಿದ್ದಲ್ವಾ ಸಾರ್?"