ವಾರ ಅಂದರೆ ಸೋಮವಾರದಿಂದ ಭಾನುವಾರ ಅಲ್ಲ

ನಾನು ಇಂಗ್ಲೆಂಡಿನ ಒಂದು ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ, ಡಾಕ್ಟರುಗಳ ರೋಟಾ ನೋಡಿಕೊಳ್ಳುತ್ತೇನೆ. ರೋಟಾ ಅಂದರೆ ನಾವು ಡ್ಯೂಟಿ ಚಾರ್ಟ್ ಅನ್ನುತ್ತೇವಲ್ಲ, ಅದೇ. "ಯಾರು ಯಾವತ್ತು ಬರಬೇಕು ಅಂತ ಬರೆಯೋಕೆ ಸಂಬಳ ಕೊಡ್ತಾರಾ?" ಅಂತ ಅಕ್ಕ ಫೋನಿನಲ್ಲಿ ನಗುತ್ತಾಳೆ. ಬರೆಯೋದು ಅರ್ಧ ದಿನದ ಕೆಲಸ. ಬರೆದದ್ದು ನಿಯಮದೊಳಗೆ ಇದೆಯಾ ಅಂತ ನೋಡೋಕೆ ನನಗೆ ಎರಡು ದಿನ ಬೇಕು.

ಇಲ್ಲಿನ ರೆಸಿಡೆಂಟ್ ಡಾಕ್ಟರುಗಳಿಗೆ (2024ರವರೆಗೆ ಜೂನಿಯರ್ ಡಾಕ್ಟರ್ ಅನ್ನುತ್ತಿದ್ದರು) ವಾರಕ್ಕೆ ಸರಾಸರಿ 48 ಗಂಟೆ ಮಿತಿ. ಅದು ಎಲ್ಲರಿಗೂ ಗೊತ್ತು, ಸಾಫ್ಟ್‌ವೇರ್ ಇಲ್ಲದಿದ್ದರೂ ಕೂಡಿ ಭಾಗಿಸಿದರೆ ಸಿಗುತ್ತದೆ. ಸಿಕ್ಕಿಬೀಳಿಸೋದು ಇನ್ನೊಂದು: ಯಾವುದೇ 168 ಗಂಟೆಗಳಲ್ಲಿ 72ಕ್ಕಿಂತ ಜಾಸ್ತಿ ಕೆಲಸ ಇರಬಾರದು. 168 ಗಂಟೆ ಅಂದರೆ ಏಳು ದಿನವೇ, ಆದರೆ ಅದು ಸೋಮವಾರವೇ ಶುರುವಾಗಬೇಕು ಅಂತ ಎಲ್ಲೂ ಇಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಇದರಲ್ಲೇ ಎಡವಿದೆ. ಒಬ್ಬ ಡಾಕ್ಟರಿಗೆ ಮೊದಲ ವಾರ ಸೋಮವಾರ, ಮಂಗಳವಾರ ಎಂಟೂವರೆ ಗಂಟೆಯ ಸಾಮಾನ್ಯ ಡ್ಯೂಟಿ, ಬುಧ ಗುರು ರಜೆ, ಶುಕ್ರವಾರದಿಂದ ಭಾನುವಾರದವರೆಗೆ ಬೆಳಿಗ್ಗೆ 8ರಿಂದ ರಾತ್ರಿ 8.30ರ ಲಾಂಗ್ ಡೇ. ಒಟ್ಟು 54.5 ಗಂಟೆ. ಎರಡನೇ ವಾರ ಸೋಮ, ಮಂಗಳ ಸಾಮಾನ್ಯ, ಬುಧವಾರ ಲಾಂಗ್ ಡೇ, ಗುರುವಾರ ಸಾಮಾನ್ಯ, ಆಮೇಲೆ ಮೂರು ದಿನ ಬಿಡುವು. ಒಟ್ಟು 38. ಸರಾಸರಿ 46.25. ಎಲ್ಲಾ ಸರಿಯಾಗಿಯೇ ಕಾಣುತ್ತದೆ ಅಲ್ವಾ?

ಈಗ ಶುಕ್ರವಾರ ಬೆಳಿಗ್ಗೆ 8ರಿಂದ ಮುಂದಿನ ಶುಕ್ರವಾರ ಬೆಳಿಗ್ಗೆ 8ರವರೆಗೆ ಕೂಡಿ ನೋಡಿ. ಮೂರು ಲಾಂಗ್ ಡೇ 37.5, ಅದಕ್ಕೆ ಎರಡನೇ ವಾರದ ಪೂರ್ತಿ 38. ಒಟ್ಟು 75.5! ನನಗೆ ಇದನ್ನು ತೋರಿಸಿಕೊಟ್ಟವರು ಆ ಡಾಕ್ಟರೇ, ಅದೂ ಏಳನೇ ದಿನ, ಕಣ್ಣು ಕೆಂಪಗೆ ಮಾಡಿಕೊಂಡು. ಜೋರು ಮಾಡಲಿಲ್ಲ ಪುಣ್ಯಕ್ಕೆ. 72 ದಾಟಿದರೆ ವಿಭಾಗಕ್ಕೆ ದಂಡ ಬೀಳುತ್ತದೆ, ಅದನ್ನು ವಿಧಿಸೋಕೆ ಅಂತಲೇ ಪ್ರತಿ ಆಸ್ಪತ್ರೆಯಲ್ಲಿ ಗಾರ್ಡಿಯನ್ ಆಫ್ ಸೇಫ್ ವರ್ಕಿಂಗ್ ಅವರ್ಸ್ ಅನ್ನುವ ಹುದ್ದೆ ಇದೆ.

ಅವತ್ತಿನಿಂದ ವಾರದ ಚೌಕಗಳನ್ನು ನಂಬೋದು ಬಿಟ್ಟೆ. ಒಬ್ಬೊಬ್ಬ ಡಾಕ್ಟರಿಗೂ ಒಂದೊಂದು ಎಕ್ಸೆಲ್ ಶೀಟ್, ಒಂದು ಶಿಫ್ಟಿಗೆ ಒಂದು ಸಾಲು, A ಕಾಲಮ್ಮಿನಲ್ಲಿ ಶುರುವಾಗುವ ದಿನಾಂಕ ಮತ್ತು ಸಮಯ, Bಯಲ್ಲಿ ಮುಗಿಯುವುದು. Cಯಲ್ಲಿ ಇದು:

```
=SUMPRODUCT((A$2:A$60>=A2)*(A$2:A$60<A2+7)*(B$2:B$60-A$2:A$60))*24
```

ಆ ಶಿಫ್ಟ್ ಶುರುವಾದ ಗಳಿಗೆಯಿಂದ ಏಳು ದಿನದೊಳಗೆ ಶುರುವಾಗುವ ಎಲ್ಲ ಶಿಫ್ಟುಗಳ ಗಂಟೆ ಇದರಲ್ಲಿ ಬರುತ್ತದೆ. ಕೊನೆಯ ಶಿಫ್ಟ್ ಅವಧಿ ದಾಟಿ ಹೋದರೆ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅಂಥದ್ದನ್ನು ಕೈಯಲ್ಲಿ ನೋಡಿಕೊಳ್ಳುತ್ತೇನೆ. ಕಮ್ಮಿಯಂತೂ ತೋರಿಸುವುದಿಲ್ಲ, ಅಷ್ಟು ಸಾಕು.

ತಪ್ಪು ಸಿಕ್ಕ ಮೇಲೆ ಸರಿ ಮಾಡುವಾಗಲೂ ಹುಷಾರಾಗಿರಬೇಕು. ಬುಧವಾರದ ಲಾಂಗ್ ಡೇಯನ್ನು ಸಾಮಾನ್ಯ ಡ್ಯೂಟಿ ಮಾಡಿದರೆ ಲೆಕ್ಕ 71.5ಕ್ಕೆ ಇಳಿಯುತ್ತದೆ. ಕಾಗದದಲ್ಲಿ ಪಾಸ್. ಆದರೆ ಏಳು ದಿನದಲ್ಲಿ ಒಂದು ಸಂಜೆ ಮುಕ್ಕಾಲು ಗಂಟೆ ತಡವಾದರೂ ಮಿತಿ ದಾಟಿತು. ವಾರ್ಡಿನಲ್ಲಿ ತಡವಾಗದ ವಾರ ನಾನು ನೋಡಿಲ್ಲ. ಅದಕ್ಕೆ ನಾನು ಮುಂದಿನ ಸಲದ ರೋಟಾದಲ್ಲಿ ಬುಧವಾರ ಮುಟ್ಟದೆ, ವೀಕೆಂಡ್ ಆದ ಸೋಮವಾರವನ್ನೇ ರಜೆ ಮಾಡಿದೆ. 67ಕ್ಕೆ ಬಂತು. ಸೋಮವಾರ ಕ್ಲಿನಿಕ್ಕಿಗೆ ಆಳಿಲ್ಲ ಅಂತ ಮ್ಯಾನೇಜರ್ ಗೊಣಗಿದರು, ಗೊಣಗಲಿ ಬಿಡಿ.

ನೈಟ್ ಶಿಫ್ಟಿನಲ್ಲಿ ಇನ್ನೊಂದು ಮೋಸ ಇದೆ. ನೈಟ್ ಮುಗಿದ ಮೇಲೆ 46 ಗಂಟೆ ಬಿಡುವು ಕೊಡಬೇಕು. ಸೋಮವಾರ ರಾತ್ರಿ 8ಕ್ಕೆ ಶುರುವಾಗುವ ನೈಟನ್ನು ಚಾರ್ಟಿನಲ್ಲಿ ಸೋಮವಾರದ ಚೌಕದಲ್ಲಿ ಬರೆಯುತ್ತೇವೆ. ಮಂಗಳವಾರ ಖಾಲಿ ಕಾಣುತ್ತದೆ, ಬುಧವಾರ ಬೆಳಿಗ್ಗೆ 8ಕ್ಕೆ ಡ್ಯೂಟಿ ಹಾಕಿಬಿಡುತ್ತೇವೆ. ಆದರೆ ಆ ನೈಟ್ ಮುಗಿಯೋದು ಮಂಗಳವಾರ ಬೆಳಿಗ್ಗೆ 8.30ಕ್ಕೆ. ಸಿಕ್ಕಿದ ಬಿಡುವು 23 ಗಂಟೆ 30 ನಿಮಿಷ, ಅದರಲ್ಲೂ ಹಗಲೆಲ್ಲ ನಿದ್ದೆಗೇ ಹೋಯಿತು. 46 ಗಂಟೆ ತುಂಬೋದು ಗುರುವಾರ ಬೆಳಿಗ್ಗೆ 6.30ಕ್ಕೆ. ಆದ್ದರಿಂದ ಒಂದು ಶಿಫ್ಟಿನ Bಯಿಂದ ಮುಂದಿನ ಶಿಫ್ಟಿನ Aವರೆಗೆ ಅಂತರ ಲೆಕ್ಕ ಹಾಕುವ ಇನ್ನೊಂದು ಕಾಲಮ್ ಇಟ್ಟಿದ್ದೇನೆ.

ಅಕ್ಟೋಬರಿನ ಕೊನೇ ಭಾನುವಾರದ್ದು ಬೇರೆಯದೇ ಕಥೆ. ಅವತ್ತು ಬೆಳಗಿನ ಜಾವ ಎರಡಕ್ಕೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಶನಿವಾರ ರಾತ್ರಿ 8ಕ್ಕೆ ಬಂದವರು 8.30ಕ್ಕೆ ಹೋದರೆ ಹನ್ನೆರಡೂವರೆ ಅಲ್ಲ, ಹದಿಮೂರೂವರೆ ಗಂಟೆ ಕೆಲಸ ಮಾಡಿರುತ್ತಾರೆ. ಒಂದು ಶಿಫ್ಟಿಗೆ 13 ಗಂಟೆಯೇ ಮಿತಿ. ಎಕ್ಸೆಲ್ಲಿಗೆ ಇದು ಗೊತ್ತಾಗೋದೇ ಇಲ್ಲ, ಸುಮ್ನೆ 12.5 ಅಂತ ತೋರಿಸುತ್ತದೆ. ಅದಕ್ಕೆ ಆ ಭಾನುವಾರದ ಲಾಂಗ್ ಡೇಯವರನ್ನು ಏಳಕ್ಕೇ ಕರೆಸಿ, ನೈಟಿನವರನ್ನು ಏಳೂವರೆಗೆ ಬಿಡುತ್ತೇನೆ, ಸಂಜೆ ಲಾಂಗ್ ಡೇಯವರನ್ನೂ ಒಂದು ಗಂಟೆ ಮೊದಲೇ ಬಿಡುತ್ತೇನೆ.

ಇಷ್ಟೆಲ್ಲ ಪ್ರಕಟಿಸುವ ಮೊದಲೇ ಆಗಬೇಕು. ಆರು ವಾರ ಮುಂಚೆ ರೋಟಾ ಡಾಕ್ಟರುಗಳ ಕೈ ಸೇರಬೇಕು. ಸೇರಿದ ಅರ್ಧ ಗಂಟೆಯಲ್ಲಿ ಅವರು ಅದರ ಮೇಲೆ ಊರಿಗೆ ಟಿಕೆಟ್ ಮಾಡಿಸಿರುತ್ತಾರೆ, ಡ್ಯೂಟಿ ಅದಲು ಬದಲು ಕೇಳೋಕೆ ಶುರು ಮಾಡಿರುತ್ತಾರೆ. ಒಂದು ಅದಲು ಬದಲು ಆದರೆ ಇಬ್ಬರ ಶೀಟನ್ನೂ ಮತ್ತೆ ಮೊದಲಿನಿಂದ ನೋಡಬೇಕು. ನಿನ್ನೆ ಅಂಥವು ನಾಲ್ಕು ಬಂದವು, ಎರಡಕ್ಕೆ ಆಗಲ್ಲ ಅಂದೆ.