ಎಣ್ಣೆ ಗಾಣಕ್ಕೆ ಲೀಸ್ ಮೇಲೋ, ಖರೀದಿ ಮೇಲೋ: ಲೆಕ್ಕ ಸಾಗಿದ ಬಗೆ

ಮಾರ್ಚ್ 2025, ಎರಡನೆಯ ವಾರ

ಬದಿಯಡ್ಕದ ಸಮೀಪ ನಾನೂ ಭಾವನೂ ಪಾಲುದಾರಿಕೆಯಲ್ಲಿ ನಡೆಸುತ್ತಿರುವ ತೆಂಗಿನೆಣ್ಣೆ ಘಟಕಕ್ಕೆ ಕೊಬ್ಬರಿ ಹಿಂಡಿ ಎಣ್ಣೆ ತೆಗೆಯುವ ದೊಡ್ಡ ಎಕ್ಸ್‌ಪೆಲ್ಲರ್ ಒಂದನ್ನು ತರಬೇಕೆಂಬುದು ತೀರ್ಮಾನವಾಗಿದೆ. ಯಂತ್ರದ ಬೆಲೆ ಜಿಎಸ್‌ಟಿ ಬಿಟ್ಟು 10 ಲಕ್ಷ ರೂಪಾಯಿ. ಬ್ಯಾಂಕು 11 ಶೇಕಡಾ ಬಡ್ಡಿಯಲ್ಲಿ ಐದು ವರ್ಷದ ಸಾಲ ಕೊಡಲು ಒಪ್ಪಿದೆ. ಅದೇ ಯಂತ್ರವನ್ನು ಐದು ವರ್ಷಕ್ಕೆ ಲೀಸ್‌ಗೆ ಕೊಡಲು ಒಂದು ಹಣಕಾಸು ಸಂಸ್ಥೆಯೂ ಮುಂದೆ ಬಂದಿದೆ. ಅದರ ಷರತ್ತಿನಂತೆ ವರ್ಷಕ್ಕೆ 2,16,000 ರೂಪಾಯಿ ಬಾಡಿಗೆಯನ್ನು ಪ್ರತಿ ಏಪ್ರಿಲ್‌ನಲ್ಲಿ ಮುಂಗಡವಾಗಿ ಕೊಡಬೇಕು, ಐದನೆಯ ವರ್ಷದ ಕೊನೆಗೆ ಯಂತ್ರವನ್ನು ಹಿಂದಿರುಗಿಸಬೇಕು.

"ಸಾಲದ ಕಂತು ತಿಂಗಳಿಗೆ 21,742, ಲೀಸ್ ಬಾಡಿಗೆ ತಿಂಗಳಿಗೆ ಬರೀ 18,000. ಇದರಲ್ಲಿ ಲೆಕ್ಕ ಹಾಕಲಿಕ್ಕೆ ಏನಿದೆ ಭಾವ?" ಎಂಬುದು ಭಾವನ ವಾದ. ಹೆಚ್ಚಿನವರು ಮಾಡುವ ಹೋಲಿಕೆಯೂ ಇದೇ. ಆದರೆ ಕಂತು ಮುಗಿದ ದಿನ ಯಂತ್ರ ನಮ್ಮದಾಗಿರುತ್ತದೆ, ಬಾಡಿಗೆ ಮುಗಿದ ದಿನ ಕೈ ಖಾಲಿ. ಇದಲ್ಲದೆ ಬಾಡಿಗೆಯಿಂದ ಉಳಿಯುವ ತೆರಿಗೆಯೂ, ಯಂತ್ರದ ಬೆಲೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಖರ್ಚೆಂದು ಬರೆಯುವ ಸವಕಳಿಯಿಂದ ಉಳಿಯುವ ತೆರಿಗೆಯೂ ಬೇರೆ ಬೇರೆ ಮೊತ್ತದಲ್ಲಿ, ಬೇರೆ ಬೇರೆ ಕಾಲದಲ್ಲಿ ಬರುತ್ತವೆ. ಆದ್ದರಿಂದ ಎರಡೂ ದಾರಿಗಳಲ್ಲಿ ತೆರಿಗೆ ಕಳೆದು ನಿಜವಾಗಿ ಕೈಬಿಟ್ಟು ಹೋಗುವ ಹಣವನ್ನು ವರ್ಷವಾರು ಬರೆದು, ಅದನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಹೋಲಿಸಲು ಹೊರಟಿದ್ದೇನೆ.

ಎರಡು ಕಡೆಯಲ್ಲೂ ಸಮನಾಗಿರುವ ಖರ್ಚುಗಳನ್ನು ಮೊದಲೇ ಬಿಟ್ಟಿದ್ದೇನೆ. ವಿದ್ಯುತ್, ಕೂಲಿ, ದುರಸ್ತಿ, ವಿಮೆ ಎಲ್ಲವೂ ಲೀಸ್‌ನಲ್ಲೂ ನಮ್ಮ ತಲೆಯ ಮೇಲೆಯೇ ಇವೆ. ಜಿಎಸ್‌ಟಿ ಎರಡರಲ್ಲೂ ಇನ್‌ಪುಟ್ ಕ್ರೆಡಿಟ್ ಆಗಿ ಮರಳುವುದರಿಂದ ಅದನ್ನೂ ಹೊರಗಿಟ್ಟೆ. ಕ್ರೆಡಿಟ್ ಪಡೆದ ಜಿಎಸ್‌ಟಿ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲವಾದ್ದರಿಂದ ಸವಕಳಿಗೆ ಆಧಾರ 10 ಲಕ್ಷ ಮಾತ್ರ.

ಮಾರ್ಚ್, ಮೂರನೆಯ ವಾರ

ಈ ವಾರವೆಲ್ಲ ಹೋದದ್ದು ಡಿಸ್ಕೌಂಟ್ ದರದ, ಅಂದರೆ ಮುಂದಿನ ವರ್ಷಗಳ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಲು ಬಳಸುವ ದರದ ವಿಚಾರಕ್ಕೆ. ಲೀಸ್ ಬಾಡಿಗೆಯೆಂದರೆ ಸಾಲದ ಕಂತಿನಂತೆಯೇ ತಪ್ಪಿಸಲಾಗದ ಬಾಧ್ಯತೆ. ಲೀಸ್ ಮಾಡಿದರೆ ಅಷ್ಟರ ಮಟ್ಟಿಗೆ ನಮ್ಮ ಸಾಲ ಪಡೆಯುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ವ್ಯಾಪಾರದಲ್ಲಿ ನಾವು ನಿರೀಕ್ಷಿಸುವ ಲಾಭದ ದರವನ್ನು ಇಲ್ಲಿ ಬಳಸುವುದು ಸರಿಯಲ್ಲ, ಸಾಲದ ದರವನ್ನೇ ಬಳಸಬೇಕು. ಅದೂ ತೆರಿಗೆ ಕಳೆದ ದರವಾಗಿರಬೇಕು. ನಮ್ಮದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ತೆರಿಗೆ 30 ಶೇಕಡಾ, ಅದರ ಮೇಲೆ 4 ಶೇಕಡಾ ಸೆಸ್, ಒಟ್ಟು 31.2 ಶೇಕಡಾ. 11 ಶೇಕಡಾ ಬಡ್ಡಿಯಲ್ಲಿ ಇಷ್ಟು ತೆರಿಗೆ ಉಳಿಯುವುದರಿಂದ ನಮಗೆ ತಗಲುವ ನಿಜವಾದ ದರ ಸುಮಾರು 7.57 ಶೇಕಡಾ.

ಖರೀದಿಯ ಕಾಲಮ್ಮಿನಲ್ಲಿ ಬಡ್ಡಿ ಎಲ್ಲಿ ಎಂದು ಭಾವ ಕೇಳಿದ. ಬಡ್ಡಿಯನ್ನು ಅಲ್ಲಿ ಬರೆಯಬಾರದು, ಏಕೆಂದರೆ ಅದು ಡಿಸ್ಕೌಂಟ್ ದರದೊಳಗೇ ಕುಳಿತಿದೆ. ಬರೆದರೆ ಎರಡು ಸಲ ಎಣಿಸಿದಂತಾಗುತ್ತದೆ. ಇದನ್ನು ಒಂದು ವರ್ಷದ ಸಾಲದಲ್ಲಿ ಪರೀಕ್ಷಿಸಿ ತೋರಿಸಿದೆ. 1,00,000 ರೂಪಾಯಿ ಸಾಲ ಪಡೆದರೆ ವರ್ಷದ ಕೊನೆಗೆ 1,11,000 ಕೊಡಬೇಕು, 11,000 ರೂಪಾಯಿ ಬಡ್ಡಿಯಿಂದ 3,432 ರೂಪಾಯಿ ತೆರಿಗೆ ಉಳಿಯುತ್ತದೆ, ನಿವ್ವಳ 1,07,568. ಇದನ್ನು 1.07568ರಿಂದ ಭಾಗಿಸಿದರೆ ಸರಿಯಾಗಿ 1,00,000 ಬರುತ್ತದೆ. ಸಾಲದ ಎಲ್ಲ ಕಂತುಗಳ ಇಂದಿನ ಮೌಲ್ಯವು ಸಾಲದ ಮೊತ್ತಕ್ಕೇ ಸಮನಾಗುವುದರಿಂದ ಖರೀದಿಯ ಕಡೆ ಇಡೀ 10 ಲಕ್ಷವನ್ನು ಮೊದಲ ದಿನವೇ ಕೊಟ್ಟಂತೆ ಬರೆದರೆ ಸಾಕು.

ಲೀಸ್ ಕಡೆಯ ಲೆಕ್ಕ ಚಿಕ್ಕದು. ಬಾಡಿಗೆ ವರ್ಷದ ಮೊದಲಿಗೆ ಹೋಗುತ್ತದೆ, ಅದರಿಂದ ಉಳಿಯುವ 67,392 ರೂಪಾಯಿ ತೆರಿಗೆ ವರ್ಷದ ಕೊನೆಗೆ ಸಿಗುತ್ತದೆ ಎಂದು ಇಟ್ಟುಕೊಂಡರೆ ಸ್ಪ್ರೆಡ್‌ಶೀಟಿನ ಎರಡೇ ಸೂತ್ರಗಳಲ್ಲಿ ಮುಗಿಯುತ್ತದೆ:

```
=PV(7.57%,5,-216000,0,1)
=PV(7.57%,5,-67392)
```

ಮೊದಲ ಸೂತ್ರದ ಕೊನೆಯಲ್ಲಿರುವ 1 ಎಂಬುದು ಮುಂಗಡ ಪಾವತಿಯ ಗುರುತು. ಅದನ್ನು ಬಿಟ್ಟರೆ ಬಾಡಿಗೆಯೆಲ್ಲ ಒಂದು ವರ್ಷ ತಡವಾಗಿ ಹೋದಂತಾಗಿ ಲೀಸ್ ಅಗ್ಗವಾಗಿ ಕಾಣುತ್ತದೆ. ಮೊದಲನೆಯದು ಸುಮಾರು 9,38,320, ಎರಡನೆಯದು ಸುಮಾರು 2,72,150. ವ್ಯತ್ಯಾಸ ಸುಮಾರು 6,66,200 ರೂಪಾಯಿ. ಒಪ್ಪಂದದ ಕರಡನ್ನು ಓದುವಾಗ ಮೂರನೆಯ ಪುಟದಲ್ಲಿ ಇನ್ನೊಂದು ಅಂಶ ಸಿಕ್ಕಿತು: ಬಡ್ಡಿಯಿಲ್ಲದ 50,000 ರೂಪಾಯಿ ಭದ್ರತಾ ಠೇವಣಿ. ಐದು ವರ್ಷದ ಬಳಿಕ ಮರಳುವ 50,000ದ ಇಂದಿನ ಮೌಲ್ಯ 34,700 ಮಾತ್ರ, ಉಳಿದ 15,300 ನಮಗೆ ಖರ್ಚೇ. ಠೇವಣಿ ಖರ್ಚಲ್ಲವಾದ್ದರಿಂದ ಇದಕ್ಕೆ ತೆರಿಗೆಯ ಉಳಿತಾಯವೂ ಇಲ್ಲ. ಲೀಸ್‌ನ ಒಟ್ಟು ವೆಚ್ಚ ಹೀಗೆ 6,81,500 ರೂಪಾಯಿಗೆ ಏರಿತು.

ಮಾರ್ಚ್, ಕೊನೆಯ ವಾರ

ಖರೀದಿಯ ಕಡೆಯ ಲೆಕ್ಕಕ್ಕೆ ಕಾಸರಗೋಡಿನ ಆಡಿಟರ ಬಳಿ ಕುಳಿತೆವು. ಯಂತ್ರೋಪಕರಣಗಳಿಗೆ ಆದಾಯ ತೆರಿಗೆಯ ಸವಕಳಿ 15 ಶೇಕಡಾ, ಅದೂ ಪ್ರತಿವರ್ಷ ಇಳಿದ ಮೌಲ್ಯದ ಮೇಲೆ. ಆದರೆ ಉತ್ಪಾದನೆಯಲ್ಲಿ ತೊಡಗಿರುವ ಸಂಸ್ಥೆಯು ಹೊಸ ಯಂತ್ರ ಕೊಂಡರೆ ಮೊದಲ ವರ್ಷ 20 ಶೇಕಡಾ ಹೆಚ್ಚುವರಿ ಸವಕಳಿಯೂ ಸಿಗುತ್ತದೆ, ಅಂದರೆ ಒಟ್ಟು 35 ಶೇಕಡಾ. ಏಪ್ರಿಲ್‌ನಲ್ಲೇ ಯಂತ್ರ ಓಡತೊಡಗಿದರೆ ಇದು ಪೂರ್ತಿ ನಮಗೆ ಬರುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ ಸಿಕ್ಕಿ, ಹೆಚ್ಚುವರಿ ಸವಕಳಿಯ ಇನ್ನರ್ಧ ಮುಂದಿನ ವರ್ಷಕ್ಕೆ ಹೋಗುತ್ತದೆ. ಯಾರೋ ಬಳಸಿದ ಹಳೆಯ ಯಂತ್ರಕ್ಕೆ ಈ 20 ಶೇಕಡಾ ಇಲ್ಲ.

ಲೀಸ್‌ನಲ್ಲಿ ಸವಕಳಿ ಯಂತ್ರದ ಮಾಲೀಕರಿಗೆ ಸಲ್ಲುತ್ತದೆ. ನಮ್ಮ ನೆರೆಯ ಮಣಿಪಾಲದ ಐಸಿಡಿಎಸ್ ಕಂಪೆನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಲೀಸ್‌ಗೆ ಕೊಟ್ಟ ವಾಹನಗಳ ಸವಕಳಿ ಮಾಲೀಕ ಕಂಪೆನಿಗೇ ಸಿಗಬೇಕೆಂದು ಹೇಳಿದ್ದನ್ನು ಆಡಿಟರು ನೆನಪಿಸಿದರು. ಆದರೆ ಹೆಚ್ಚುವರಿ 20 ಶೇಕಡಾ ಉತ್ಪಾದಕರಿಗೆಂದೇ ಇರುವುದರಿಂದ, ಲೀಸ್ ವ್ಯವಹಾರವಷ್ಟನ್ನೇ ಮಾಡುವ ಹಣಕಾಸು ಸಂಸ್ಥೆಗೆ ಅದು ಸಿಗುವುದಿಲ್ಲ. ಸಿಗದ ಲಾಭವನ್ನು ಅವರು ಬಾಡಿಗೆಯಲ್ಲಿ ಇಳಿಸಿ ನಮಗೆ ದಾಟಿಸುವ ಪ್ರಶ್ನೆಯೂ ಇಲ್ಲ. ಈ ವ್ಯವಹಾರದಲ್ಲಿ ಖರೀದಿದಾರನ ಕೈ ಮೇಲಾಗಿರುವುದು ಮುಖ್ಯವಾಗಿ ಇಲ್ಲಿಯೇ.

ಮೊದಲ ವರ್ಷದ ಸವಕಳಿ 3,50,000, ಉಳಿಯುವ ತೆರಿಗೆ 1,09,200. ಎರಡನೆಯ ವರ್ಷ ಅದು 30,420ಕ್ಕೆ ಇಳಿದು, ಐದನೆಯ ವರ್ಷಕ್ಕೆ 18,700ರ ಆಸುಪಾಸಿಗೆ ಬರುತ್ತದೆ. ಐದೂ ವರ್ಷಗಳ ಉಳಿತಾಯದ ಇಂದಿನ ಮೌಲ್ಯ ಸುಮಾರು 1,77,960. ಆಗ ಪುಸ್ತಕದಲ್ಲಿ ಉಳಿಯುವ ಮೌಲ್ಯ 3,39,300. ಯಂತ್ರವನ್ನು 3 ಲಕ್ಷಕ್ಕೆ ಮಾರಿದರೆ ಉಳಿದ 39,300 ರೂಪಾಯಿಯನ್ನು ನಷ್ಟವೆಂದು ಒಮ್ಮೆಗೇ ಬರೆಯುವ ಹಾಗಿಲ್ಲ. ಒಂದೇ ಸವಕಳಿ ದರದ ಯಂತ್ರಗಳನ್ನೆಲ್ಲ ತೆರಿಗೆಯ ಲೆಕ್ಕದಲ್ಲಿ ಒಂದೇ ಗುಂಪಾಗಿ ಹಿಡಿಯುತ್ತಾರೆ, ನಮ್ಮಲ್ಲಿ ಅದೇ ದರದ ಡ್ರೈಯರೂ ಬೇರೆ ಯಂತ್ರಗಳೂ ಇರುವುದರಿಂದ ಆ ಮೊತ್ತ ಗುಂಪಿನಲ್ಲೇ ಉಳಿದು, ವರ್ಷ ವರ್ಷ 15 ಶೇಕಡಾದಂತೆ ಕರಗುತ್ತ ಹೋಗುತ್ತದೆ. ಬಾಲದಂತೆ ಉಳಿದುಬರುವ ಈ ಸವಕಳಿಯಿಂದ ಉಳಿಯುವ ತೆರಿಗೆಯ ಇಂದಿನ ಮೌಲ್ಯ ಸುಮಾರು 5,660.

ಆಡಿಟರು ಒಂದು ಎಚ್ಚರಿಕೆಯನ್ನೂ ಕೊಟ್ಟರು: ಮೊದಲ ವರ್ಷ ಸವಕಳಿ ಕಳೆಯುವ ಮೊದಲು ಮೂರೂವರೆ ಲಕ್ಷ ಲಾಭವಿದ್ದರೆ ಮಾತ್ರ 1,09,200 ಆ ವರ್ಷವೇ ಉಳಿಯುತ್ತದೆ. ಪಾಲುದಾರರ ಸಂಬಳ ತೆಗೆದ ಬಳಿಕ ನಮ್ಮ ಅಂದಾಜು ಲಾಭ ಎರಡೂವರೆ ಲಕ್ಷ. ಹೊಂದಿಕೆಯಾಗದ 1 ಲಕ್ಷದ ಸವಕಳಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಅದಕ್ಕೆ ಕಾಲಮಿತಿಯೂ ಇಲ್ಲ. ಒಂದು ವರ್ಷ ತಡವಾದುದರ ನಷ್ಟ ಲೆಕ್ಕ ಹಾಕಿದರೆ ಎರಡು ಸಾವಿರ ರೂಪಾಯಿಯಷ್ಟೇ ಆದ್ದರಿಂದ ಅದನ್ನು ಪಕ್ಕಕ್ಕಿಟ್ಟೆ. ನಾಲ್ಕೈದು ವರ್ಷ ಲಾಭವನ್ನೇ ಕಾಣದ ಘಟಕವಾಗಿದ್ದರೆ ಮಾತು ಬೇರೆ. ಅಲ್ಲಿ ಸವಕಳಿಯ ಲಾಭ ಕಾಗದದಲ್ಲೇ ಉಳಿದು, ಲೀಸ್ ಮೇಲಾಗುವುದುಂಟು.

ಏಪ್ರಿಲ್ ಮೊದಲಿಗೆ

ಉಳಿದದ್ದು ಮರುಮಾರಾಟದ ಬೆಲೆ. ಬಾಡಿಗೆಯೂ ತೆರಿಗೆಯೂ ಹೆಚ್ಚುಕಡಿಮೆ ಖಚಿತವಾದವು. ಐದು ವರ್ಷದ ನಂತರದ ಬೆಲೆ ಹಾಗಲ್ಲ. ಆದ್ದರಿಂದ ಆ ಒಂದು ಮೊತ್ತಕ್ಕೆ ಮಾತ್ರ 7.57ರ ಬದಲು 14 ಶೇಕಡಾ ದರ ಬಳಸಿದೆ. 14 ಎಂಬುದು ನನ್ನ ಎಣಿಕೆಯೇ ಹೊರತು ಶಾಸ್ತ್ರವಲ್ಲ. 3 ಲಕ್ಷದ ಇಂದಿನ ಮೌಲ್ಯ ಆಗ 1,55,800. ಒಟ್ಟು ಸೇರಿಸಿ ಖರೀದಿಯ ನಿವ್ವಳ ವೆಚ್ಚ ಸುಮಾರು 6,60,600 ರೂಪಾಯಿ, ಲೀಸ್‌ಗಿಂತ ಸುಮಾರು 20,900 ಕಡಿಮೆ.

ಈ 20,900 ಎಷ್ಟು ಗಟ್ಟಿ ಎಂದು ತಿಳಿಯಲು ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಮರುಮಾರಾಟದ ಬೆಲೆಯನ್ನಷ್ಟೇ ಇಳಿಸುತ್ತ ಬಂದೆ. ಬೆಲೆ ಇಳಿದಷ್ಟೂ ಗುಂಪಿನಲ್ಲಿ ಉಳಿಯುವ ಸವಕಳಿ ಹೆಚ್ಚುವುದರಿಂದ ನಷ್ಟದ ಒಂದು ಪಾಲು ತೆರಿಗೆಯಾಗಿ ಮರಳುತ್ತದೆ. ಹಾಗಿದ್ದೂ 2,44,000 ರೂಪಾಯಿಯಲ್ಲಿ ಎರಡು ದಾರಿಗಳೂ ಸಮನಾಗುತ್ತವೆ, ಅದಕ್ಕಿಂತ ಕೆಳಗೆ ಲೀಸ್ ಗೆಲ್ಲುತ್ತದೆ.

ಹಾಗಾಗಿ ಕುಂಬಳೆಯ ಕಡೆ ಮಾರಾಟಕ್ಕಿದ್ದ, ಇದೇ ಅಳತೆಯ, ಐದಾರು ವರ್ಷ ದುಡಿದ ಒಂದು ಎಕ್ಸ್‌ಪೆಲ್ಲರನ್ನು ನೋಡಿ ಬಂದೆವು. ಮೋಟಾರು, ಗೇರ್‌ಬಾಕ್ಸ್ ಚೆನ್ನಾಗಿದ್ದವು. ಕೊಬ್ಬರಿಯನ್ನು ಒತ್ತುವ, ತಿರುಪಿನಂಥ ವರ್ಮ್‌ನ ಅಂಚು ಸವೆದು ದುಂಡಗಾಗಿತ್ತು. ಸುತ್ತಲಿನ ಪಟ್ಟಿಗಳ ನಡುವಿನ ಸಂದು ಅಗಲವಾಗಿತ್ತು. ಓಡಿಸಿದಾಗ ಹಿಂಡಿ ತೆಳುವಾದ ಗರಿಗರಿ ಚಕ್ಕೆಯಾಗಿ ಬರುವ ಬದಲು ದಪ್ಪವಾಗಿ, ಹಿಸುಕಿದರೆ ಬೆರಳಿಗೆ ಎಣ್ಣೆ ಹತ್ತುವಷ್ಟು ಜಿಡ್ಡಾಗಿ ಬಂತು. ಎಣ್ಣೆ ಹಿಂಡಿಯಲ್ಲೇ ಉಳಿಯುತ್ತಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಾಲೀಕರು ಹೇಳಿದ್ದು ಮೂರು ಲಕ್ಷ, ದಲ್ಲಾಳಿ ಪಿಸುಗುಟ್ಟಿದ್ದು ಎರಡೂಕಾಲು. ನಮ್ಮ ಸಮತೋಲನದ ಬಿಂದು ಈ ಎರಡರ ನಡುವೆಯೇ ಬಿದ್ದಿರುವುದರಿಂದ 20,900ರ ಮೇಲೆ ಕಣ್ಣುಮುಚ್ಚಿ ನಂಬಿಕೆಯಿಡುವಂತಿಲ್ಲ.

ಏಪ್ರಿಲ್, ಮುಂದುವರಿದು

ಎರಡು ಪತ್ರಗಳನ್ನು ಕಳುಹಿಸಿದ್ದೇವೆ. ಲೀಸ್ ಸಂಸ್ಥೆಗೆ ಬರೆದದ್ದು: ಠೇವಣಿ ಬಿಟ್ಟು ಬಾಡಿಗೆಯನ್ನು 2,14,000ಕ್ಕಿಂತ ಕೆಳಗೆ ತರುವುದಾದರೆ ಲೀಸ್‌ಗೆ ಸಿದ್ಧ. ಮೂರು ಲಕ್ಷದ ಮರುಮಾರಾಟವನ್ನು ನಂಬಿದರೂ ಖರೀದಿಗೆ ಸಮನಾಗುವ ಬಾಡಿಗೆ ಅದು.

ಯಂತ್ರ ತಯಾರಕರಿಗೆ ಬರೆದದ್ದು: ಐದು ವರ್ಷದ ಬಳಿಕ ಯಂತ್ರವನ್ನು 2,50,000ಕ್ಕೆ ಹಿಂದಕ್ಕೆ ಕೊಳ್ಳುವುದಾಗಿ ಬರಹದಲ್ಲಿ ಕೊಡಬೇಕು. ಮೂರು ಲಕ್ಷದ ಆಸೆ ಬಿಟ್ಟು ಎರಡೂವರೆಗೆ ಯಾಕೆ ಒಪ್ಪುವುದೆಂದು ಭಾವನಿಗೆ ಅಸಮಾಧಾನ. ಆದರೆ ಬರಹದಲ್ಲಿ ಬಂದ ಮೊತ್ತಕ್ಕೆ 14ರ ಬದಲು 7.57 ಶೇಕಡಾ ದರ ಸಾಕಾಗುವುದರಿಂದ ಅದರ ಇಂದಿನ ಮೌಲ್ಯ 1,73,600, ಅಂದರೆ ನಿರೀಕ್ಷೆಯ ಮೂರು ಲಕ್ಷದ 1,55,800ಕ್ಕಿಂತ ಹೆಚ್ಚು. ಸವಕಳಿಯ ಬಾಲವೂ ಸ್ವಲ್ಪ ಉದ್ದವಾಗಿ ಖರೀದಿಯ ವೆಚ್ಚ 6,35,600ಕ್ಕೆ ಇಳಿಯುತ್ತದೆ. ತಯಾರಕರು ಐದು ವರ್ಷದ ಬಳಿಕವೂ ಅಂಗಡಿ ತೆರೆದಿರುತ್ತಾರೆಂಬ ನಂಬಿಕೆ ಇರುವ ತನಕ ಮಾತ್ರ ಈ ದರ ಸರಿ. ಆ ಬಗ್ಗೆ ಅವರಿಂದ ಯಂತ್ರ ಕೊಂಡ ಹಳೆಯ ಇಬ್ಬರು ಗಿರಾಕಿಗಳಲ್ಲಿ ಈ ವಾರ ವಿಚಾರಿಸುತ್ತಿದ್ದೇವೆ. ಬರಹ ಸಿಕ್ಕಿದರೆ ಖರೀದಿ. ಸಿಗದೆ ಲೀಸ್ ಸಂಸ್ಥೆ ಬಾಡಿಗೆ ಇಳಿಸಿದರೆ ಲೀಸ್. ಎರಡೂ ಆಗದಿದ್ದಲ್ಲಿ, ದಲ್ಲಾಳಿಯ ಎರಡೂಕಾಲು ಲಕ್ಷವನ್ನೇ ಆಧಾರವಾಗಿಟ್ಟುಕೊಂಡರೆ ಲೀಸ್ ಏಳು ಸಾವಿರದಷ್ಟು ಅಗ್ಗವೆಂದು ಹಾಳೆ ತೋರಿಸುತ್ತಿದೆ, ನಾವೂ ಅದನ್ನೇ ಆರಿಸುವವರಿದ್ದೇವೆ.